ಇಸ್ತ್ರಿಯಕ್ಕನ ಇದ್ದಲಿನ ದುಡ್ಡು

ಅಂಗಡಿಯ ಬಾಗಿಲು ತೆರೆಯದಿದ್ದರೂ ಸಾಲದ ಕಂತು ಮನೆಯ ಬಾಗಿಲು ತಟ್ಟುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೂ ಹಿಟ್ಟಿನಕ್ಕನಿಗೆ ಯಾರೂ ಹೇಳಲಿಲ್ಲ. ಅದರ ಸುಳಿವು ಕೊಟ್ಟ ಬ್ಯಾಂಕಿನವನ ಪ್ರಶ್ನೆ ಅವಳ ಕಿವಿಗೆ ಬೈಗುಳದಂತೆ ಕೇಳಿಸಿತು.

ಬೇರೆಯವರ ಗಿರಣಿಯಲ್ಲಿ ಹಿಟ್ಟು ಜರಡಿ ಹಿಡಿದು ಹುಬ್ಬು ಬೆಳ್ಳಗಾದವಳು ಅವಳು. ಯಜಮಾನ ಗಿರಣಿ ಮುಚ್ಚಿದಾಗ, ಕೈಯಲ್ಲಿ ಕೆಲಸವಿದೆ, ಗಿರಾಕಿಗಳ ಪರಿಚಯವಿದೆ, ನಾನೇ ಒಂದು ಚಿಕ್ಕ ಗಿರಣಿ ಇಡಬಾರದೇಕೆ ಅಂದುಕೊಂಡಳು. ಇಲ್ಲದಿದ್ದದ್ದು ಯಂತ್ರಕ್ಕೆ ದುಡ್ಡು.

ಮೊದಲು ಬ್ಯಾಂಕಿಗೆ ಹೋದಳು. ಸಾಲದ ಅಧಿಕಾರಿ ತಲೆಯೆತ್ತದೆ ಹೇಳಿದ: "ಯಂತ್ರದ ಕೊಟೇಶನ್ ತನ್ನಿ. ಕಾಲು ಭಾಗ ನೀವು ಹಾಕ್ಬೇಕು, ಉಳಿದದ್ದು ನಾವು ನೇರವಾಗಿ ಯಂತ್ರ ಮಾರೋರಿಗೇ ಕಳಿಸ್ತೀವಿ. ಮೊದಲ ಆರು ತಿಂಗಳು ಬಡ್ಡಿ ಮಾತ್ರ ಕಟ್ಟಿ, ಅಸಲು ಆಮೇಲೆ. ಅದ್ಸರಿ, ಗಿರಣಿ ಮೋಟರಿಗೆ ತ್ರೀ ಫೇಸ್ ಕರೆಂಟು ಮಂಜೂರಾಗಿದೆಯಾ?"

ಆಗಿರಲಿಲ್ಲ. ಕೇಳಬೇಕೆಂದೂ ಅವಳಿಗೆ ಹೊಳೆದಿರಲಿಲ್ಲ. ಸಾಲಿನಲ್ಲಿ ಹಿಂದಿದ್ದವನು ಪಕ್ಕದವನ ಕಿವಿಯಲ್ಲಿ ಏನೋ ಅಂದು ನಕ್ಕ. ತನ್ನನ್ನೇ ನೋಡಿ ನಕ್ಕನೆಂದು ಅವಳ ಮುಖ ಕೆಂಡವಾಯಿತು. "ನಾಳೆ ಬರ್ತೀನಿ ಸಾರ್" ಅಂದಳು. ಆ ನಾಳೆ ಬರಲೇ ಇಲ್ಲ.

ಕಾಲು ಭಾಗಕ್ಕೆ ಅಣ್ಣನಿದ್ದ. ಕಬ್ಬಿಣದ ಅಂಗಡಿಯವನು, ಕೆಟ್ಟವನಲ್ಲ. ಅವನ ಮನೆಗೆ ಹೋದಾಗ ಅತ್ತಿಗೆ ನೀರು ಕೊಟ್ಟಳು. ಅಣ್ಣ "ಏನಮ್ಮಾ, ಅಪರೂಪಕ್ಕೆ?" ಅಂದ. "ಸುಮ್ನೆ, ನೋಡಿ ಹೋಗೋಣ ಅಂತ ಬಂದೆ ಅಣ್ಣ" ಅಂದು ಲೋಟ ಕೆಳಗಿಟ್ಟು ಎದ್ದುಬಂದಳು.

ಉಳಿದ ದಾರಿ ಕಿರುಸಾಲದ ಗುಂಪು. ಐದು ಹೆಂಗಸರು, ಒಬ್ಬರಿಗೊಬ್ಬರು ಜಾಮೀನು, ವಾರಕ್ಕೊಂದು ಕಂತು. ಬಡ್ಡಿ ಬ್ಯಾಂಕಿನದಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು. ಆದರೆ ಅಡವಿಲ್ಲ, ಕರೆಂಟಿನ ಪ್ರಶ್ನೆಯಿಲ್ಲ. ದುಡ್ಡೂ ಬೇಗ ಬಂತು. ಕಡಿಮೆ ಬಡ್ಡಿಯ ಸಾಲವನ್ನಲ್ಲ, ಕಡಿಮೆ ಪ್ರಶ್ನೆಯ ಸಾಲವನ್ನು ಅವಳು ಆರಿಸಿಕೊಂಡಿದ್ದಳು.

ಹಳೆಯ ಗಿರಣಿಯೊಂದು ಬಂದು ಮಳಿಗೆಯಲ್ಲಿ ಕೂತಿತು. ಮರುವಾರವೇ ಮೊದಲ ಕಂತು. ವಿದ್ಯುತ್ ಕಚೇರಿಯಲ್ಲಿ, "ಆ ಬೀದಿಯ ಲೈನು ಇಷ್ಟು ಲೋಡ್ ತಡೆಯಲ್ಲಮ್ಮ, ಬೇರೆ ಎಳೀಬೇಕು, ಕಾಯಿರಿ" ಅಂದರು. ಕಂತು ಕಾಯುತ್ತದೆಯೇ? ಸಾಲದಲ್ಲಿ ಮಿಕ್ಕಿದ್ದರಲ್ಲೇ ಸಾಲ ಕಟ್ಟಿದಳು. ಆಮೇಲೆ ಕಿವಿಯೋಲೆ ಹೋಯಿತು. ಆಮೇಲೆ ಏನೂ ಉಳಿಯಲಿಲ್ಲ.

ಆ ವಾರ ಗುಂಪಿನ ಕಂತು ಕಟ್ಟುವ ಸಭೆ ಇಸ್ತ್ರಿಯಕ್ಕನ ಮನೆಯಲ್ಲಿ. ಬೀದಿ ತುದಿಯಲ್ಲಿ ಇದ್ದಲಿನ ಇಸ್ತ್ರಿಪೆಟ್ಟಿಗೆ ಎಳೆಯುವ ಅವಳೇ ಹಿಟ್ಟಿನಕ್ಕನನ್ನು ಗುಂಪಿಗೆ ಸೇರಿಸಿದ್ದು. ಸಾಲದ ಕಂಪನಿಯ ವಸೂಲಿಯವನು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, "ಐದೂ ಜನರ ಕಂತು ಪೂರ್ತಿ ಆಗೋವರೆಗೂ ಯಾರೂ ಏಳೋ ಹಾಗಿಲ್ಲ" ಅಂದ. ಒಬ್ಬಳ ಒಲೆಯ ಮೇಲೆ ಹಾಲಿತ್ತು. ಇನ್ನೊಬ್ಬಳು ಹಸುಗೂಸನ್ನು ಮಲಗಿಸಿ ಬಂದಿದ್ದಳು. ಯಾರೂ ಹಿಟ್ಟಿನಕ್ಕನ ಮುಖ ನೋಡಲಿಲ್ಲ. ನೋಡಿದ್ದರೇ ಹಗುರವಾಗುತ್ತಿತ್ತು.

ಕೊನೆಗೆ ಇಸ್ತ್ರಿಯಕ್ಕ ಸೊಂಟದ ಚೀಲ ಬಿಚ್ಚಿದಳು. "ಇದ್ದಲಿಗೆ ಇಟ್ಟಿದ್ದು. ತಗೊಳಪ್ಪಾ." ಮತ್ತೆ ಹಿಟ್ಟಿನಕ್ಕನ ಕಡೆ ತಿರುಗಿ, "ಜೋಳ ಬೀಸೋಕೆ ಮುಂಚೆ ನಮ್ಮನ್ನೇ ಬೀಸಿಬಿಟ್ಟೆಯಲ್ಲೇ ಮಾರಾಯ್ತಿ!"

ಎಲ್ಲರೂ ನಕ್ಕರು. ಇವಳೂ ನಗಲು ಹೋದಳು, ತುಟಿ ಕೇಳಲಿಲ್ಲ.

ಮರುದಿನ ಇಸ್ತ್ರಿಪೆಟ್ಟಿಗೆ ತಣ್ಣಗೆ ಕೂತಿತ್ತು. ಬಟ್ಟೆ ತಂದವರು ವಾಪಸು ಹೋಗುತ್ತಿದ್ದರು. ಅದನ್ನು ಕಂಡವಳೇ ಹಿಟ್ಟಿನಕ್ಕ ನೇರ ಅಣ್ಣನ ಅಂಗಡಿಗೆ ನಡೆದು, ಗಿರಾಕಿಗಳ ಎದುರಿಗೇ ಎಲ್ಲ ಹೇಳಿಬಿಟ್ಟಳು.

"ಕಂಡೋರ ಮುಂದೆ ಚಾಪೆ ಮೇಲೆ ಕೂರಕ್ಕಾಯ್ತು, ನನ್ನ ಕೇಳಕ್ಕೆ ನಾಚಿಕೆ ಆಯ್ತಾ?" ಅಣ್ಣನ ದನಿ ಒಡೆಯಿತು.

ಅತ್ತಿಗೆ ಒಳಗಿನಿಂದ ಬಂದಳು. "ಕೊಡಿ. ಆದ್ರೆ ಯಾವಾಗ ವಾಪಸ್ಸು ಅಂತ ಈಗ್ಲೇ ಮಾತಾಡ್ಕೊಳಿ. ಆಮೇಲೆ ನಾನು ಮುಖ ಊದಿಸ್ಕೊಂಡು ಓಡಾಡೋದು, ಇವಳು ಈ ಕಡೆ ಬರೋದೇ ಬಿಡೋದು, ಅದೆಲ್ಲ ಬೇಡ." ಆ ಮಾತು ಚುಚ್ಚಿತು. ಆದರೆ ಅಷ್ಟು ದಿನದಲ್ಲಿ ಅವಳಿಗೆ ಸಿಕ್ಕ ನೆಟ್ಟಗಿನ ಮಾತು ಅದೊಂದೇ.

ಇಸ್ತ್ರಿಯಕ್ಕನ ದುಡ್ಡು ಅವತ್ತೇ ತೀರಿತು. ಕರೆಂಟು ಬರುವವರೆಗಿನ ಕಂತನ್ನೂ ಅಣ್ಣನೇ ಹೊತ್ತ. ಈಗ ಗಿರಣಿ ಓಡುತ್ತದೆ. ಇಸ್ತ್ರಿಯಕ್ಕ ಜೋಳ ತರುತ್ತಾಳೆ, ಬೀಸಿದ್ದಕ್ಕೆ ಚಿಲ್ಲರೆಯನ್ನು ಮೇಜಿನ ಮೇಲೆ ಇಡುತ್ತಾಳೆ.

"ನಿನ್ನ ಹತ್ರ ದುಡ್ಡಾ ಅಕ್ಕ? ಬೇಡ."

"ಇರ್ಲಿ ಬಿಡು. ಲೆಕ್ಕ ಲೆಕ್ಕಾನೇ."

ಮೊದಲು ಅವರಿಬ್ಬರ ನಡುವೆ ಲೆಕ್ಕದ ಮಾತೇ ಇರಲಿಲ್ಲ. ಹಿಟ್ಟಿನಕ್ಕ ಆ ಚಿಲ್ಲರೆಯನ್ನು ಎತ್ತಿಕೊಳ್ಳುವಾಗ ಇವತ್ತಿಗೂ ತಲೆ ಬಗ್ಗಿಸುತ್ತಾಳೆ.

ಆ ತಲೆ ಅವಳೊಬ್ಬಳದೇ ಬಗ್ಗಬೇಕೆ? ಉತ್ತರ ಗೊತ್ತಿಲ್ಲದವಳನ್ನು ಕೂರಿಸಿ ವಿವರಿಸದ ಅಧಿಕಾರಿಯದು? ಕರೆಂಟಿದೆಯೇ ಎಂದು ಕೇಳದೆ ದುಡ್ಡು ಕೈಗಿಟ್ಟು ಹೆಂಗಸರನ್ನು ಚಾಪೆಗೆ ಕಟ್ಟಿಹಾಕಿದವರದು? "ಸುಮ್ನೆ ಬಂದೆ" ಅಂದದ್ದನ್ನು ನಂಬಿದಂತೆ ನಟಿಸಿದ ನಮ್ಮ ನಿಮ್ಮಂಥ ಅಣ್ಣಂದಿರದು? ನಿಮ್ಮ ಮನೆಗೂ ಒಬ್ಬಳು ಹಾಗೆ ಬಂದು, ನೀರು ಕುಡಿದು, ಏನೂ ಕೇಳದೆ ಎದ್ದಿದ್ದಾಳೆ. ಅವಳು ಯಾರೆಂದು ನಿಮಗೆ ಗೊತ್ತು. ಇವತ್ತೇ ಅವಳ ಮನೆಗೆ ಹೋಗಿ, ಎದುರು ಕೂತು ಕೇಳಿ: ಮೊದಲ ಕಂತು ಯಾವಾಗ, ಮೊದಲ ಸಂಪಾದನೆ ಯಾವಾಗ, ನಡುವಿನ ದಿನಗಳಿಗೆ ನಾನೇನು ಕೊಡಲಿ?