ನಾಲ್ಕು ಮನೆ ಕೆಳಗೆ

ನನ್ನ ಹೆಂಡತಿ ನಮ್ಮ ಆರ್ಕೆಸ್ಟ್ರಾದ ಗಾಯಕಿ, ನಾನು ಕೀಬೋರ್ಡು. ತುಮಕೂರು, ಗುಬ್ಬಿ, ಕುಣಿಗಲ್ಲಿನ ಛತ್ರಗಳಲ್ಲಿ ನಾವು ಬಾರಿಸದ ಆರತಕ್ಷತೆ ಕಡಿಮೆ. ಹಾಡಿನ ಶ್ರುತಿಯನ್ನು ಕೀಬೋರ್ಡಿನ ಒಂದೇ ಒಂದು ಮನೆಯಷ್ಟು ಇಳಿಸಲೂ ಅವಳು ಒಪ್ಪುತ್ತಿರಲಿಲ್ಲ. "ಮೂಲದಲ್ಲಿ ಎಷ್ಟಿದ್ಯೋ ಅಷ್ಟಕ್ಕೇ ಬಾರ್ಸಿ ರೀ, ನಂಗೇನ್ ಗಂಟ್ಲು ಕಟ್ಟಿದ್ಯಾ?" ಎಂದು ಎಲ್ಲರೆದುರೇ ರೇಗುವಳು. ಜಂಬ ಅಂದರೆ ಜಂಬ.

ಶ್ವಾಸಕೋಶದ ಕಾಯಿಲೆಯಿಂದ ಅವಳು ಹೋದಳು. ಆಸ್ಪತ್ರೆಯ ಗದ್ದಲದಲ್ಲಿ ಅವಳ ಫೋನೂ ಕಳೆದುಹೋಯಿತು. ಮಗಳ ಮದುವೆಗೆ ಒಂದು ಹಾಡು ಹಾಡುತ್ತೇನೆ ಎಂದಿದ್ದಳು. "ಯಾವ್ದು ಅಂತ ಈಗ್ಲೇ ಹೇಳಲ್ಲ. ನಮ್ ಮದ್ವೆ ಆದ ಕಾಲದ್ದು, ಸಿನಿಮಾದ್ದಲ್ಲ" ಎಂದಷ್ಟೇ ಅಂದಿದ್ದಳು. ಹಾಡಿನ ಹೆಸರು ಅವಳ ಜೊತೆಗೇ ಹೋಯಿತು.

ಮಗಳಿಗೆ ಆ ಹಾಡೇ ಬೇಕಿತ್ತು. ಅದಿಲ್ಲದೆ ಆರತಕ್ಷತೆಯೇ ಬೇಡ ಎಂದು ಹಟ ಹಿಡಿದಳು. ಮಗಳ ಫೋನಿನಲ್ಲಿ ಒಂದು ತುಣುಕಿತ್ತು. ತುಮಕೂರಿನ ಸದಾಶಿವನಗರದ ನಮ್ಮ ಮನೆಯ ಅಡುಗೆಮನೆಯಲ್ಲಿ ಅಮ್ಮ ಫೋನಿನಿಂದ ಆ ಹಾಡು ಹಾಕಿಕೊಂಡು ಅಭ್ಯಾಸ ಮಾಡುವಾಗ ಬಾಗಿಲ ಮರೆಯಿಂದ ಕದ್ದು ರೆಕಾರ್ಡು ಮಾಡಿದ್ದು. ಹಾಡಿನ ಸಾಲೊಂದೂ ಇಲ್ಲ. ನಡುವಿನ ಕೊಳಲು, ಅದರ ಮೇಲೆ ಅವಳ ಗುನುಗು, ಕುಕ್ಕರಿನ ಸೀಟಿ. ಹಾಡು ಗುರುತಿಸುವ ಆ್ಯಪುಗಳೆಲ್ಲ ಕೈಚೆಲ್ಲಿದವು. ಸಾವಿರಾರು ಹಾಡು ಬಾರಿಸಿದ ನನ್ನ ಕಿವಿಯೂ ಕೈಕೊಟ್ಟಿತು.

ಶಿರಾ ಗೇಟಿನ ಹತ್ತಿರ ನನ್ನದೊಂದು ಪುಟ್ಟ ರೆಕಾರ್ಡಿಂಗ್ ಕೋಣೆಯಿದೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಡುಗಳ ಒಂದು ಡೇಟಾಬೇಸ್ ತೆರೆದೆ. ಅದರ ಅಡ್ವಾನ್ಸ್ಡ್ ಸರ್ಚ್‌ನಲ್ಲಿ ಹೆಸರೇ ಗೊತ್ತಿಲ್ಲದಿದ್ದರೂ ವೇಗ, ಶ್ರುತಿ, ವರ್ಷ ಕೊಟ್ಟು ಹುಡುಕಬಹುದು. ತುಣುಕಿಗೆ ತಾಳ ತಟ್ಟಿ ಅಳೆದೆ, ನಿಮಿಷಕ್ಕೆ ತೊಂಬತ್ತೆರಡು ಪೆಟ್ಟು. ಕೀಬೋರ್ಡಿನಲ್ಲಿ ಶ್ರುತಿ ಹಿಡಿದೆ, ಎಫ್ ಮೈನರ್. ಶ್ರುತಿ ಎಫ್ ಮೈನರ್, ವೇಗ ತೊಂಬತ್ತರಿಂದ ತೊಂಬತ್ನಾಲ್ಕು, ವರ್ಷ ನಮ್ಮ ಮದುವೆಯ ಹಿಂದೆ ಎರಡು, ಮುಂದೆ ಎರಡು ಎಂದು ಕೊಟ್ಟೆ. ಬಂದದ್ದನ್ನೆಲ್ಲ ಕೇಳಿದೆವು. ಯಾವುದೂ ಅಲ್ಲ. ಇಂಥ ಕಡೆ ಒಮ್ಮೊಮ್ಮೆ ವೇಗವನ್ನು ದುಪ್ಪಟ್ಟಾಗಿ ಎಣಿಸಿರುತ್ತಾರೆ, ನೂರೆಂಬತ್ನಾಲ್ಕನ್ನೂ ಹಾಕಿ ನೋಡಿದೆ. ಊಹೂಂ.

"ಥೂ, ಇದ್ರ ಮನೆ ಹಾಳಾಗ" ಎಂದು ಮೌಸು ಕುಕ್ಕಿದೆ.

ಮಗಳು ತಲೆ ತಗ್ಗಿಸಿದಳು. "ಅಪ್ಪ, ಅಮ್ಮ ಅದೇನೋ ಆ್ಯಪಲ್ಲಿ ಹಾಡು ಹಾಕ್ಕೊಂಡು ಮೈನಸ್ ಒತ್ತೋಳು ಕಣಪ್ಪ. ಒಂದ್ಸಲ ನೋಡ್ಬುಟ್ಟೆ. ನಿಮ್ಮಪ್ಪಂಗೆ ಹೇಳ್ಬೇಡ ಕಣೇ ಅಂದ್ಲು."

ಅದು ಶ್ರುತಿ ಇಳಿಸುವ ಗುಂಡಿ. ಅದನ್ನು ಒತ್ತಿದರೆ ವೇಗ ಹಾಗೇ ಇರುತ್ತದೆ, ಶ್ರುತಿ ಮಾತ್ರ ಇಳಿಯುತ್ತದೆ. ಅಂದರೆ ತೊಂಬತ್ತೆರಡು ಸರಿ, ಎಫ್ ಸುಳ್ಳು.

ವೇಗ, ವರ್ಷ ಮುಟ್ಟಲಿಲ್ಲ. ಶ್ರುತಿಯನ್ನಷ್ಟೇ ಕೀಬೋರ್ಡಿನ ಕಪ್ಪು, ಬಿಳಿ ಎರಡೂ ಸೇರಿಸಿ ಒಂದೊಂದೇ ಮನೆ ಮೇಲಕ್ಕೆ ಏರಿಸಿದೆ. ಎಫ್ ಶಾರ್ಪ್ ಮೈನರ್. ಇಲ್ಲ. ಒಂದು ಮನೆ ಇಳಿಸಿಕೊಂಡಿದ್ದರೆ ಏನೋ ನೆಗಡಿ ಅನ್ನಬಹುದಿತ್ತು. ಜಿ ಮೈನರ್. ಇಲ್ಲ. ಇಲ್ಲೇ ಸಿಕ್ಕಿಬಿಡಲಿ ದೇವರೇ ಎಂದುಕೊಂಡೆ. ಜಿ ಶಾರ್ಪ್ ಮೈನರ್. ಅಲ್ಲೂ ಇಲ್ಲ. ಮುಂದೆ ಒತ್ತಲು ನನಗೆ ಮನಸ್ಸೇ ಬರಲಿಲ್ಲ. ಮಗಳು ಒತ್ತಿದಳು. ಎ ಮೈನರ್‌ನ ಪಟ್ಟಿಯಲ್ಲಿ ಮೂರನೆಯದನ್ನು ಹಾಕಿದಾಗ ಅದೇ ಕೊಳಲು ಬಂತು.

ಮಗಳು "ಸಿಕ್ತು, ಸಿಕ್ತು" ಎಂದು ನನ್ನ ತೋಳು ಹಿಡಿದು ಅತ್ತಳು. ನಾನು ಅತ್ತಿದ್ದು ಬೇರೆಯದಕ್ಕೆ. ನಾಲ್ಕು ಮನೆ! ಉಸಿರು ಅಷ್ಟು ಸೋತಿತ್ತು. ಗುಬ್ಬಿಯ ಕೊನೆಯ ಪ್ರೋಗ್ರಾಮಿನಲ್ಲಿ "ಇವತ್ತು ಹೊಸ ಹುಡ್ಗೀನೇ ಹಾಡ್ಲಿ ಬಿಡಿ, ಪಾಪ, ಕಲೀಲಿ" ಎಂದು ಎಷ್ಟು ಸಲೀಸಾಗಿ ನಕ್ಕಿದ್ದಳು! ಗಂಡನಿಗೆ ಹೇಳಬಹುದಿತ್ತಲ್ಲ, ಬಡ್ಡಿಮಗಳು. ಹತ್ತು ಮನೆ ಇಳಿಸು ಅಂದಿದ್ದರೂ ಇಳಿಸುತ್ತಿದ್ದೆ.

ಮದುವೆ ಕುಣಿಗಲ್ಲಿನಲ್ಲಿ. ಆರತಕ್ಷತೆಯ ಸಂಜೆ ಆ ಹಾಡಿನ ಸರದಿ ಬಂದಾಗ ಕೀಬೋರ್ಡಿನ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸನ್ನು ಮೈನಸ್ ನಾಲ್ಕಕ್ಕೆ ಇಟ್ಟೆ. ನಮ್ಮ ಹೊಸ ಗಾಯಕಿ ಮೆಲ್ಲಗೆ ಗುನುಗಿ ನೋಡಿ ಬಗ್ಗಿ ಕೇಳಿದಳು. "ಅಣ್ಣ, ತುಂಬ ಕೆಳಗಾಯ್ತಲ್ಲ, ನಂಗೆ ಸ್ವರಾನೇ ಬರಲ್ಲ. ಮೇಲಕ್ಕೆ ಹಾಕ್ತೀರಾ?"

"ಬೇಡಮ್ಮ. ನೀನು ಸುಮ್ನೆ ಕೂತ್ಕೊ" ಎಂದೆ.

ಮೈಕಿನ ಮುಂದೆ ಯಾರೂ ಇರಲಿಲ್ಲ. ವೇದಿಕೆಯ ಮೇಲೆ ಮಗಳು ಅಳಿಯನ ಕೈ ಹಿಡಿದು ನನ್ನ ಕಡೆಗೇ ನೋಡುತ್ತಿದ್ದಳು. ಪಲ್ಲವಿ ಬಾರಿಸಿದೆ. ಅದು ಮುಗಿದಲ್ಲಿ, ನನ್ನ ಹೆಂಡತಿ ಉಸಿರು ತೆಗೆದುಕೊಳ್ಳಲಿ ಎಂದು ಒಂದು ಗಳಿಗೆ ನಿಂತೆ. ತಬಲಾದವನು ನನ್ನ ಮುಖ ನೋಡಿದ. ಮುಂದಿನ ಸಾಲಿಗೆ ನನ್ನ ಕೈ ಏಳಲಿಲ್ಲ.