ಹೊಂದಾಣಿಕೆಗೆ ಇಪ್ಪತ್ತು ಅಂಕ

ಪಂದ್ಯ ಮುಗಿದು ಜನ ಹೊರಬಂದಾಗ ಬಸ್ಸು ಸಾಲಿನಲ್ಲಿ ನಿಂತಿದ್ದು, ಡ್ರೈವರ್ ಮಾತ್ರ ತನ್ನ ರೂಮಿನಲ್ಲಿ ಮಲಗಿರಬಹುದಿತ್ತು. ಒಬ್ಬನಿಗೇ ಒಂದೇ ಹೊತ್ತಿಗೆ ಎರಡು ಕಡೆ ಡ್ಯೂಟಿ ಬೀಳಬಹುದಿತ್ತು. ಹಿಂದಿನ ದಿನ ನಿದ್ದೆ ಸಿಗದವನು ಕಡಲಂಚಿನ ಕಾರ್ನಿಷ್ ರಸ್ತೆಯಲ್ಲಿ ಸ್ಟೇರಿಂಗ್ ಮೇಲೆ ತೂಕಡಿಸಬಹುದಿತ್ತು. ಡ್ಯೂಟಿ ಹಾಕಲೆಂದು ಹೊಸದಾಗಿ ಸೇರಿದವರು ಮೊದಲ ವಾರವೇ ಎಲ್ಲರೊಡನೆ ಜಗಳವಾಡಿ, ಫುಟ್‌ಬಾಲ್ ವಿಶ್ವಕಪ್ ಶುರುವಾಗುವ ಹೊತ್ತಿಗೆ ಕೆಲಸ ಬಿಟ್ಟು ಹೋಗಬಹುದಿತ್ತು. ಜಗಳವೇ ಆಡದೆ ಎಲ್ಲರಿಗೂ ಹೂಂ ಅಂದು, ಕೇಳಿದವರಿಗೆಲ್ಲ ರಜೆ ಕೊಟ್ಟು ಕೂರಬಹುದಿತ್ತು. ಆಮೇಲೆ ಜನರಲ್ ಮ್ಯಾನೇಜರು ನನ್ನನ್ನು ಕರೆದು, "ಇವರನ್ನು ಆರಿಸಿದ್ದು ಯಾರು?" ಎಂದು ಮೆಲ್ಲಗೆ ಕೇಳಬಹುದಿತ್ತು. ಅವರು ಕೂಗಾಡಿದರೆ ನನಗೆ ಭಯವಿಲ್ಲ. ಮೆಲ್ಲಗೆ ಕೇಳಿದರೆ ಬೇರೆ ಕೆಲಸ ಹುಡುಕಲು ಶುರುಮಾಡುತ್ತೇನೆ.

ಇವನ್ನೆಲ್ಲ ನಾನು ಮುಂಗಡವಾಗಿಯೇ ಅನುಭವಿಸಿ ಮುಗಿಸಿದ್ದೆ. ನನ್ನ ಸ್ವಭಾವವೇ ಹಾಗೆ. ನಲವತ್ತೆಂಟರ ಹೊತ್ತಿಗೆ ಕೆಲವರಿಗೆ ಮಂಡಿ ನೋವು ಬರುತ್ತದೆ, ನನಗೆ ಮುಂದಿನ ತಿಂಗಳಿನ ನೋವು ಈ ತಿಂಗಳೇ ಬರುತ್ತದೆ.

ಗಲ್ಫಿನ ಈ ಊರಿನಲ್ಲಿ, ವೆಸ್ಟ್ ಬೇಯ ಗಾಜಿನ ಕಟ್ಟಡವೊಂದರ ಒಂಬತ್ತನೆಯ ಮಹಡಿಯಲ್ಲಿ ಬಸ್ ಕಂಪನಿಯೊಂದರ ಕಚೇರಿ. ಬಸ್ಸು, ಡ್ರೈವರು, ಕಂಟ್ರೋಲ್ ರೂಮು ಇವೆಲ್ಲ ನನ್ನ ಪಾಲಿನವು. ವಿಶ್ವಕಪ್ಪಿನ ಕಾಂಟ್ರ್ಯಾಕ್ಟ್ ಸಿಕ್ಕಿ ಡ್ರೈವರುಗಳ ಸಂಖ್ಯೆ ಮೂರು ಪಟ್ಟಾದಾಗ, ಯಾರು ಯಾವಾಗ ಯಾವ ಬಸ್ಸು ಓಡಿಸಬೇಕು ಎಂಬ ಡ್ಯೂಟಿ ರೋಸ್ಟರ್ ಹಾಕುವುದಕ್ಕೇ ಒಬ್ಬರು ಬೇಕೆಂದಾಯಿತು. ಬಂದ ರೆಸ್ಯೂಮೆಗಳಿಗೆ ಇಬ್ಬರು ಬೇರೆ ಬೇರೆಯಾಗಿ ಅಂಕ ಹಾಕಬೇಕು, ಒಬ್ಬರದನ್ನು ಇನ್ನೊಬ್ಬರು ನೋಡಬಾರದು, ಆಮೇಲೆ ಕೂತು ಹೋಲಿಸಬೇಕು. ಹಾಗೆ ನಿಯಮ ಮಾಡಿದವರು ನಮ್ಮ ಎಚ್ಆರ್ ಮೇಡಂ. ಉಡುಪಿ ಕಡೆಯ ಕ್ಯಾಥೊಲಿಕ್ ಹೆಂಗಸು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಅನುಮಾನದಲ್ಲಿ ದೊಡ್ಡವರು.

ಅಂಕದ ಹಾಳೆಯಲ್ಲಿ ಐದು ಕಾಲಂ, ಒಂದೊಂದಕ್ಕೆ ಇಪ್ಪತ್ತು. ಶಿಫ್ಟಿನ ರೋಸ್ಟರ್ ಹಾಕಿದ ಅನುಭವ, ದಿಢೀರ್ ರಜೆ ಬಿದ್ದಾಗ ಬದಲಿ ಹೊಂದಿಸಿದ ಅನುಭವ, ಕೆಲಸದ ಹೊತ್ತು ಮತ್ತು ವಿಶ್ರಾಂತಿಯ ನಿಯಮಗಳ ತಿಳಿವಳಿಕೆ, ಎಕ್ಸೆಲ್. ಈ ನಾಲ್ಕು ಮೇಡಂ ಹಾಕಿದ್ದು. ಐದನೆಯದು ನನ್ನ ಕೊಡುಗೆ: ‘ಕಲ್ಚರ್ ಫಿಟ್’. ಎಲ್ಲ ಚೆನ್ನಾಗಿದ್ದೂ ಮನುಷ್ಯ ನಮ್ಮ ಜೊತೆ ಹೊಂದದೆ ಹೋದರೆ ಏನು ಗತಿ ಎಂಬ ಹೆದರಿಕೆಗೆ ನಾನೇ ಮಾಡಿಸಿದ ಇನ್ಶೂರೆನ್ಸ್ ಅದು.

ನಾನು ಅಲ್ ವುಕೈರಿನ ಮನೆಯಲ್ಲಿ, ವಾರದ ರಜೆಯಾದ ಶುಕ್ರವಾರ, ಕಾಫಿ ಕುಡಿಯುತ್ತ ಅಂಕ ಹಾಕಿದೆ. ಗಲ್ಫಿನ ರೆಸ್ಯೂಮೆಯಲ್ಲಿ ಇಲ್ಲದ ವಿಷಯವಿಲ್ಲ. ಫೋಟೋ, ದೇಶ, ಧರ್ಮ, ಮದುವೆ ಆಗಿದೆಯೋ ಇಲ್ಲವೋ, ಕೆಲವರದು ಎತ್ತರ ಕೂಡ. ಕೆಲಸ ಬದಲಿಸಲು ಹಳೆಯ ಕಂಪನಿಯ ಎನ್ಒಸಿ ಬೇಡವೆಂದು ಸರ್ಕಾರ ಹೇಳಿದ ಮೇಲೂ ‘ಎನ್ಒಸಿ ಇದೆ’ ಎಂದು ದಪ್ಪಕ್ಷರದಲ್ಲಿ ಬರೆದವರಿದ್ದರು. ನನ್ನ ಮನಸ್ಸು ಗೆದ್ದವನು ಮೈಸೂರಿನ ಒಬ್ಬ ಯುವಕ. ಹೋಟೆಲ್ ಫ್ರಂಟ್ ಆಫೀಸಿನಲ್ಲಿದ್ದವನು. ಹಾಳೆ ಚೊಕ್ಕ, ನಗು ಚೊಕ್ಕ, ಹವ್ಯಾಸದಲ್ಲಿ ಕ್ರಿಕೆಟ್ ಮತ್ತು ಅಡುಗೆ. ಕಲ್ಚರ್ ಫಿಟ್ ಹದಿನೆಂಟು.

ಇನ್ನೊಂದು ರೆಸ್ಯೂಮೆ ಶ್ರೀಲಂಕಾದ ಹೆಂಗಸೊಬ್ಬರದು. ಎಲ್ಲವೂ ದೊಡ್ಡಕ್ಷರದಲ್ಲಿ, ಯಾರನ್ನೋ ಗದರಿಸಿದ ಹಾಗೆ. ಫೋಟೋದಲ್ಲಿ ನಗುವಿಲ್ಲ. ಆಸ್ಪತ್ರೆಯೊಂದರ ಕ್ಲೀನಿಂಗ್ ಸಿಬ್ಬಂದಿಗೆ ಹಗಲೂ ರಾತ್ರಿಯ ಶಿಫ್ಟ್ ಹಾಕುವ ಕೆಲಸ. ಹವ್ಯಾಸ: ಇಲ್ಲ. ಕೊನೆಯಲ್ಲಿ ಒಂದು ಸಾಲು: ಈಗಿನ ಕಾಂಟ್ರ್ಯಾಕ್ಟ್ ಈ ತಿಂಗಳಿಗೆ ಮುಗಿಯುತ್ತದೆ, ಬೇರೆ ಕೆಲಸ ಸಿಗದಿದ್ದರೆ ಊರಿಗೆ ವಾಪಸ್. ಅಯ್ಯೋ ಅನಿಸಿತು. ಆದರೆ ಅಯ್ಯೋಗೆ ಕಾಲಂ ಇರಲಿಲ್ಲ. ಕಲ್ಚರ್ ಫಿಟ್ಟಿಗೆ ಇತ್ತು. ಐದು ಕೊಟ್ಟು, ಪಕ್ಕದಲ್ಲಿ ‘ಗಂಭೀರ, ಬೆರೆಯುವುದು ಕಷ್ಟ’ ಎಂದು ಬರೆದೆ. ಇಂಟರ್‌ವ್ಯೂಗೆ ಕರೆಯುವುದು ನಾಲ್ವರನ್ನು. ನನ್ನ ಲೆಕ್ಕದಲ್ಲಿ ಆಕೆ ಐದನೆಯವರಾದರು. ಅಲ್ಲಿಗೆ ಖಲಾಸ್.

ಹೆಂಡತಿ ದೋಸೆ ಹಿಟ್ಟು ರುಬ್ಬುತ್ತ ಇಣುಕಿ ನೋಡಿದಳು. "ಯಾಕ್ರೀ ಇವರಿಗೆ ಐದೇ?"

"ಮುಖ ನೋಡು. ನಗೋದೇ ಇಲ್ಲ ಅನ್ಸುತ್ತೆ."

"ರೀ, ಆಯಮ್ಮ ಬರ್ತಿರೋದು ಬಸ್ಸಿಗೆ ಡ್ಯೂಟಿ ಹಾಕೋಕಾ, ನಮ್ಮನೆ ಸತ್ಯನಾರಾಯಣ ಪೂಜೆಗಾ?"

ನಾನು ಹಾಳೆಯನ್ನು ಮಗುಚಿಟ್ಟೆ. ಕಚೇರಿಯ ವಿಷಯ ಮನೆಯವರಿಗೆ ತಿಳಿಯುವುದಿಲ್ಲ ಎಂಬ ನಂಬಿಕೆಯನ್ನು ನಾನು ಬಹಳ ಕಷ್ಟಪಟ್ಟು ಉಳಿಸಿಕೊಂಡಿದ್ದೇನೆ.

ಭಾನುವಾರ ಮೇಡಂ ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟರು. ಮೊದಲ ನಾಲ್ಕು ಕಾಲಮ್ಮಿನಲ್ಲಿ ನಮ್ಮಿಬ್ಬರ ಅಂಕ ಅಣ್ಣತಮ್ಮಂದಿರ ಹಾಗೆ ಹತ್ತಿರ ಹತ್ತಿರ. ಐದನೆಯದರಲ್ಲಿ ನೋಡಿದರೆ ಇಬ್ಬರೂ ಬೇರೆ ಬೇರೆ ಊರಿನ ರೆಸ್ಯೂಮೆ ಓದಿದಂತಿತ್ತು. ನಾನು ಹದಿನೆಂಟು ಕೊಟ್ಟವನಿಗೆ ಅವರು ಒಂಬತ್ತು ಕೊಟ್ಟಿದ್ದರು. ನಾನು ಏಳು ಕೊಟ್ಟಿದ್ದ ಕುಂದಾಪುರದ ಒಬ್ಬನಿಗೆ ಅವರದು ಹದಿನೇಳು.

"ಎಂತ ಸರ್ ಇದು? ಮೈಸೂರಿನವನಿಗೆ ಹದಿನೆಂಟು? ಯಾವ ಸಾಲಿಗೆ ಕೊಟ್ಟದ್ದು? ಬೆರಳು ಇಡಿ ನೋಡುವ."

ನಾನು ಬೆರಳಿಟ್ಟು ಮೇಲಿನಿಂದ ಕೆಳಗೆ ಹುಡುಕಿದೆ. ಬೆರಳು ಹೋಗಿ ಹೋಗಿ ಹವ್ಯಾಸದ ಮೇಲೆ ನಿಂತಿತು.

"ಅಡುಗೆಗಾ?"

"ಬಿಸಿಬೇಳೆ ಬಾತ್ ಅಂತ ಬಿಡಿಸಿ ಬರ್ದಿದ್ದಾನಲ್ಲ ಮೇಡಂ. ಶ್ರದ್ಧೆ ಕಾಣುತ್ತೆ."

"ಡ್ರೈವರ್ ಬರ್ಲಿಲ್ಲಾಂದ್ರೆ ಬಸ್ಸಲ್ಲಿ ಬಿಸಿಬೇಳೆ ಬಾತ್ ಕೂರಿಸ್ತೀರಾ ಮಾರಾಯ್ರೆ?"

"ನಿಮ್ಮ ಕುಂದಾಪುರದವನಿಗೆ ಹದಿನೇಳು ಯಾವ ಸಾಲಿಗೆ? ನೀವೂ ಬೆರಳು ಇಡಿ."

ಮೇಡಂ ಹಾಳೆಯನ್ನು ಎತ್ತಿ, ಇಳಿಸಿ, ಕನ್ನಡಕ ತೆಗೆದರು. "ಅವ ಚರ್ಚಿನ ಗಾಯನ ತಂಡದಲ್ಲಿ ಉಂಟು ಸರ್. ಬೇರೆ ಎಂತ ಇಲ್ಲ."

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಸ್ವಲ್ಪ ನಾಚಿಕೆಯಾಯಿತು. ಆ ಕಾಲಂ ಅಳೆದದ್ದು ಅಭ್ಯರ್ಥಿಗಳನ್ನಲ್ಲ. ಮಧ್ಯಾಹ್ನ ಯಾರ ಜೊತೆ ಡಬ್ಬಿ ಬಿಚ್ಚಿದರೆ ನಮಗೆ ಹಾಯೆನಿಸುತ್ತದೆ ಎಂಬುದನ್ನು ಅಳೆದಿತ್ತು, ಅದೂ ಇಪ್ಪತ್ತಕ್ಕೆ.

ಆದರೂ ಸುಲಭವಾಗಿ ಸೋಲೊಪ್ಪುವ ಜಾತಿಯವನಲ್ಲ ನಾನು. "ಹಾಗಂತ ಸ್ವಭಾವ ಲೆಕ್ಕಕ್ಕೇ ಇಲ್ವಾ ಮೇಡಂ? ರೋಸ್ಟರ್ ಬದಲಾಯ್ತು ಅಂತ ಡ್ರೈವರಿಗೆ ಫೋನ್ ಮಾಡಿ ಹೇಳ್ಬೇಕು. ಅವನು ರೇಗ್ತಾನೆ. ಇವರೂ ರೇಗಿದ್ರೆ?"

"ಅದು ಕಲ್ಚರ್ ಅಲ್ಲ ಸರ್, ಕೆಲಸ. ಬದಲಿಯ ಕಾಲಮ್ಮಿಗೇ ಸೇರಿಸಿ ಹಾಗೇ ಬರೀರಿ. ‘ಬೇಡದ ಸುದ್ದಿಯನ್ನು ಸಮಾಧಾನವಾಗಿ ಹೇಳಿದ ಅನುಭವ’ ಅಂತ ಬರೀರಿ. ರೆಸ್ಯೂಮೆಯಲ್ಲಿ ಇದ್ರೆ ಅಂಕ. ಇಲ್ಲಾಂದ್ರೆ ಇಂಟರ್‌ವ್ಯೂದಲ್ಲಿ ಎಲ್ಲರಿಗೂ ಅದೇ ಪ್ರಶ್ನೆ. ಫೋಟೋ ನೋಡಿ ಸಮಾಧಾನ ಅಳೆಯುವುದು ಹೇಗೆ?"

ಅವರು ಶ್ರೀಲಂಕಾದ ಆಕೆಯ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ದೊಡ್ಡಕ್ಷರಗಳ ನಡುವೆ ನಾನು ಓದದೆ ದಾಟಿದ್ದ ಸಾಲೊಂದಿತ್ತು: ಶಿಫ್ಟ್ ಬದಲಾವಣೆಯನ್ನು ಸಿಬ್ಬಂದಿಗೆ ತಮಿಳು, ಹಿಂದಿ, ಅರಬ್ಬಿಯಲ್ಲಿ ಫೋನ್ ಮೂಲಕ ತಿಳಿಸುವುದು, ದೂರುಗಳನ್ನು ಕೇಳಿ ಅದೇ ದಿನ ಬಗೆಹರಿಸುವುದು. ‘ಬೆರೆಯುವುದು ಕಷ್ಟ’ ಎಂದು ನಾನು ಬರೆದದ್ದು ಇವರ ಬಗ್ಗೆಯೇ. ಬದಲಿ ಹೊಂದಿಸುವ ಕಾಲಮ್ಮಿನಲ್ಲಿ ಈ ಸಾಲಿಗಾಗಿ ಇಬ್ಬರೂ ಒಂದಿಷ್ಟು ಅಂಕ ಏರಿಸಿದೆವು. ಮೈಸೂರಿನವನದರಲ್ಲೂ ಅಂಥ ಸಾಲು ಹುಡುಕಿದೆವು. ಸಿಟ್ಟಾದ ಅತಿಥಿಗಳನ್ನು ಸಂಭಾಳಿಸಿದ ಮಾತಿತ್ತು. ಅದಕ್ಕೂ ಏರಿಸಿದೆವು, ಆದರೆ ರೋಸ್ಟರ್ ಹಾಕಿದ ಸುಳಿವು ಎಲ್ಲೂ ಇರಲಿಲ್ಲ. ಕಲ್ಚರ್ ಫಿಟ್ಟಿನಲ್ಲಿ ಎಲ್ಲರಿಗೂ ಸೊನ್ನೆ ಸುತ್ತಿದೆವು. ಆಕೆ ಎರಡನೆಯವರಾದರು, ಮೈಸೂರಿನವನು ನಾಲ್ಕನೆಯವನು. ಗಾಯನ ತಂಡದವನು ಪಟ್ಟಿಯಿಂದ ಹೊರಗೆ. ಮೇಡಂ ಅವನ ಹಾಳೆಯನ್ನು ಎರಡು ಸಲ ನೇರಮಾಡಿ ಫೈಲಿಗೆ ಸೇರಿಸಿದರು. ಅವನ ಪರವಾಗಿ ಮನಸ್ಸಿನಲ್ಲೇ ಏನಾದರೂ ಹಾಡಿಕೊಂಡರೋ ಏನೋ.

ಇಂಟರ್‌ವ್ಯೂದಲ್ಲಿ ನಾಲ್ವರಿಗೂ ಒಂದೇ ಪ್ರಶ್ನೆ, ಒಂದೇ ಮಾತಿನಲ್ಲಿ ಕೇಳಿದೆವು. ಬೆಳಗಿನ ಡ್ಯೂಟಿಯ ಇಬ್ಬರು ಡ್ರೈವರುಗಳು ಹುಷಾರಿಲ್ಲವೆಂದು ಫೋನ್ ಮಾಡುತ್ತಾರೆ. ಆಗಷ್ಟೇ ಡ್ಯೂಟಿ ಮುಗಿಸಿದ ಇನ್ನೊಬ್ಬ, ನಾನು ಹೋಗುತ್ತೇನೆ ಅನ್ನುತ್ತಾನೆ. ಏನು ಮಾಡುತ್ತೀರಿ? ಒಳ್ಳೆಯ ಉತ್ತರದಲ್ಲಿ ಏನೇನಿರಬೇಕು ಎಂಬುದನ್ನೂ ಮೊದಲೇ ಬರೆದಿಟ್ಟುಕೊಂಡಿದ್ದೆವು, ಆಮೇಲೆ ನನ್ನ ಮನಸ್ಸು ಕರಗಬಾರದೆಂದು.

ಮೈಸೂರಿನವನು ಚಂದವಾಗಿ ನಕ್ಕ. "ಅವನೇ ಒಪ್ಪಿದ್ದಾನಲ್ವಾ ಸರ್, ಪ್ರೀತಿಯಿಂದ ಕಳಿಸ್ತೀನಿ. ನಾವೆಲ್ಲ ಒಂದು ಫ್ಯಾಮಿಲಿ ತರ ಇರ್ಬೇಕು." ನನ್ನ ತಲೆ ತಾನಾಗಿಯೇ ಹೌದೆಂದು ಆಡಿತು. ಮೇಡಂ ಕೆಮ್ಮಿದರು. ತಲೆ ನಿಂತಿತು.

ಶ್ರೀಲಂಕಾದ ಆಕೆ ನಗಲಿಲ್ಲ. ನನ್ನ ಅಂದಾಜು ಅಷ್ಟರ ಮಟ್ಟಿಗೆ ಸರಿಯಾಗಿತ್ತು. ಹಿಂದಿಯಲ್ಲಿ, ಒಂದೊಂದೇ ಮಾತು ಇಟ್ಟ ಹಾಗೆ ಹೇಳಿದರು: "ಅವನನ್ನು ಕಳಿಸುವುದಿಲ್ಲ, ವಿಶ್ರಾಂತಿ ಆಗಿಲ್ಲ. ಸ್ಟ್ಯಾಂಡ್‌ಬೈ ಇದ್ದವರನ್ನು ಕರೆಯುತ್ತೇನೆ. ಒಬ್ಬರೇ ಸಿಕ್ಕರೆ, ಹತ್ತಿರದ ಎರಡು ಟ್ರಿಪ್ ಒಂದು ಮಾಡಲು ಆಗುತ್ತದೆಯೇ ನೋಡುತ್ತೇನೆ. ಆಗದಿದ್ದರೆ ಬಸ್ಸು ತಡ ಎಂದು ಕ್ಲೈಂಟಿಗೆ ಮೊದಲೇ ಹೇಳುತ್ತೇನೆ. ತಡವಾದ ಮೇಲೆ ಹೇಳುವುದಿಲ್ಲ." ಕೊನೆಗೆ ಸೇರಿಸಿದರು, "ನಾನು ಹೋಗುತ್ತೇನೆ ಅಂದವನಿಗೆ ಥ್ಯಾಂಕ್ಸ್ ಹೇಳಿ, ಮಲಗು ಅನ್ನುತ್ತೇನೆ."

ನಾವು ಬರೆದಿಟ್ಟುಕೊಂಡದ್ದರಲ್ಲಿ ಆ ಥ್ಯಾಂಕ್ಸ್ ಇರಲಿಲ್ಲ.

ಆಕೆಯನ್ನೇ ಆರಿಸಿದೆವು. ತಿಂಗಳು ಮುಗಿಯುವ ಮುಂಚೆ ಆಫರ್ ಹೋಯಿತು, ಊರಿಗೆ ವಾಪಸಾಗುವ ಮಾತು ನಿಂತಿತು. ವಿಶ್ವಕಪ್ ಬಂತು, ಹೋಯಿತು. ಪ್ರತಿ ಬಸ್ಸಿಗೂ ಡ್ರೈವರಿದ್ದ, ಡ್ರೈವರುಗಳಿಗೆ ನಿದ್ದೆಯಿತ್ತು. ಆಕೆ ಯಾರೊಡನೆಯೂ ಜಗಳವಾಡಲಿಲ್ಲ, ಕೇಳಿದವರಿಗೆಲ್ಲ ರಜೆಯನ್ನೂ ಕೊಡಲಿಲ್ಲ. ಮಧ್ಯಾಹ್ನ ಊಟಕ್ಕೆ ನಮ್ಮ ಜೊತೆ ಕೂರಲಿಲ್ಲ, ತಮ್ಮ ಮೇಜಿನಲ್ಲೇ ಉಂಡು ಫೋನಿನಲ್ಲಿ ಮಗಳ ಜೊತೆ ಮಾತಾಡುತ್ತಿದ್ದರು. ಅದರಿಂದ ಯಾವ ಬಸ್ಸೂ ತಡವಾಗಲಿಲ್ಲ.

ತಪ್ಪಾದದ್ದು ಒಂದೇ, ಅದೂ ಆಯ್ಕೆ ಮುಗಿದ ದಿನವೇ. ಆಯ್ಕೆಯ ಅಂಕಪಟ್ಟಿಯನ್ನು ಜನರಲ್ ಮ್ಯಾನೇಜರಿಗೆ ಕಳಿಸುವ ಮುಂಚೆ, ಸೊನ್ನೆಗಳ ಆ ಕಾಲಂ ನೋಡಿ ಅವರು ಏನಾದರೂ ಕೇಳಿಯಾರೆಂದು ಹೆದರಿ ಅದನ್ನು ಪೂರ್ತಿ ಅಳಿಸಿಬಿಟ್ಟೆ. ತಾನಾಗಿ ಕೂಡಿಸುವ ಎಕ್ಸೆಲ್ಲಿನ ‘ಸಮ್’ ಮೇಲೆ ನಂಬಿಕೆಯಿಲ್ಲದವನಾದ್ದರಿಂದ ಒಟ್ಟು ಅಂಕಕ್ಕೆ ಒಂದೊಂದೇ ಕಾಲಮ್ಮನ್ನು ಪ್ಲಸ್ ಹಾಕಿ ಕೂಡಿಸಿದ್ದೆ. ಅದರಲ್ಲಿ ಒಂದು ಕಾಣೆಯಾದದ್ದೇ ತಡ, ಒಟ್ಟು ಅಂಕವಿದ್ದ ಕಡೆಯೆಲ್ಲ ಅಂಕಿ ಮಾಯವಾಗಿ, ಮೇಲಿನಿಂದ ಕೆಳಗಿನವರೆಗೆ ಲೆಕ್ಕ ತಪ್ಪಿದೆ ಎನ್ನುವ ಎಕ್ಸೆಲ್ಲಿನ ‘#REF!’ ಬಂದು ಕೂತಿತ್ತು. ನಾನು ನೋಡದೆ ಕಳಿಸಿದ್ದೆ.

ಫುಟ್‌ಬಾಲ್ ಹುಚ್ಚಿನ ಈಜಿಪ್ಟಿನವರು ನಮ್ಮ ಜನರಲ್ ಮ್ಯಾನೇಜರು. ಫೋನಿನಲ್ಲಿ ಮೆಲ್ಲಗೆ ಕೇಳಿದರು.

"ಹಬೀಬಿ, ಎಲ್ಲರ ಹೆಸರಿನ ಮುಂದೆಯೂ ಒಬ್ಬೊಬ್ಬ ರೆಫರಿ ಯಾಕೆ ನಿಂತಿದ್ದಾನೆ?"