ಇವತ್ತಮ್ಮ ಹಾಕಿಕೊಂಡ ಚಪ್ಪಲಿ

ಆದಾಯ ಪ್ರಮಾಣಪತ್ರ ಕೊಡುವ ಮೂರನೇ ಕೌಂಟರಿನ ಗುಮಾಸ್ತೆಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಜನ ಇಟ್ಟದ್ದು ‘ಇವತ್ತಮ್ಮ’. ಪಕ್ಕದ ಕೌಂಟರಿನ ಮೀಸೆಯಪ್ಪ ಯಾರು ಬಂದರೂ “ನಾಳೆ ಬಾ” ಎನ್ನುತ್ತಿದ್ದ. ಈಕೆ “ಇವತ್ತೇ ಕಳಿಸ್ತೀನಿ, ಕೂತ್ಕೊಳ್ಳಿ” ಎನ್ನುತ್ತಿದ್ದಳು. ಹಾಗಂತ ದೊಡ್ಡ ಆದರ್ಶವಾದಿ ಏನಲ್ಲ ಬಿಡಿ. ಮೇಜಿನ ಮೇಲೆ ಅರ್ಜಿ ಉಳಿದರೆ ಅವಳಿಗೆ ಊಟ ಸೇರುತ್ತಿರಲಿಲ್ಲ, ಅಷ್ಟೇ. “ನಿನ್ನ ಹೊಟ್ಟೆ ಸರ್ಕಾರಿ ಹೊಟ್ಟೆ ಕಣೇ” ಎಂದು ಗಂಡ ರೇಗಿಸುತ್ತಿದ್ದ.

ಒಂದು ಸೋಮವಾರ ಚಪ್ಪಲಿ ಹೊಲಿಯುವವನೊಬ್ಬ ಬಂದ. ಮಗಳಿಗೆ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಫೀಸು ಮಾಫಿಯಾಗಬೇಕಾದರೆ ಅಪ್ಪನ ಆದಾಯದ ಪ್ರಮಾಣಪತ್ರ ಬೇಕು. ಇವತ್ತಮ್ಮ ಅರ್ಜಿ ನೋಡಿದಳು, ಬಿಟ್ಟುಹೋಗಿದ್ದ ಒಂದು ಸಹಿ ಹಾಕಿಸಿದಳು, ರಿಜಿಸ್ಟರಿನಲ್ಲಿ ನಂಬರು ಬರೆದು ರಸೀದಿ ಹರಿದುಕೊಟ್ಟಳು. ಅದೇ ಸಂಜೆಯ ಕಟ್ಟಿನಲ್ಲಿ ಅರ್ಜಿ ವಿಚಾರಣೆಗೆ ಹೋಯಿತು, ಬುಧವಾರ ಸಾಹೇಬರ ಸಹಿಯೂ ಆಯಿತು. ನಿಯಮದಲ್ಲಿ ಹದಿನೈದು ದಿನದ ಗಡುವು. ಆದದ್ದು ಎರಡೇ ದಿನದಲ್ಲಿ. ಅವನ ಸರದಿಗೆ ಮುಂದಿದ್ದ ಯಾರನ್ನೂ ಹಿಂದೆ ತಳ್ಳಿರಲಿಲ್ಲ, ಎಲ್ಲರದ್ದೂ ಹಾಗೆಯೇ ಆಗುತ್ತಿತ್ತು.

ಅದು ಅವನಿಗೆ ಹೇಗೆ ಗೊತ್ತಾಗಬೇಕು? ಜನ್ಮದಲ್ಲಿ ಯಾವ ಕಚೇರಿಯೂ ಅವನ ಮಾತು ಒಂದೇ ಸಲಕ್ಕೆ ಕೇಳಿರಲಿಲ್ಲ. ಮುಂದಿನ ವಾರ ಪೇಪರಿನಲ್ಲಿ ಸುತ್ತಿದ ಪೊಟ್ಟಣ ಹಿಡಿದು ಬಂದ. ಒಳಗೆ ಕಂದು ಬಣ್ಣದ, ಮೆತ್ತನೆ ಅಟ್ಟೆಯ ಒಂದು ಜೊತೆ ಚಪ್ಪಲಿ.

“ಅರ್ಜಿ ಕೊಟ್ಟ ದಿನಾನೇ ನೋಡ್ದೆ ಮೇಡಂ, ನೀವು ಎಡಗಾಲು ಎಳ್ಕೊಂಡು ನಡೀತೀರಿ. ನಿಮ್ಮ ಚಪ್ಪಲಿ ಹಿಮ್ಮಡಿ ಹತ್ರ ಒಂದು ಕಡೆ ಸವೆದಿದೆ. ಅಳತೆ ಕಣ್ಣಲ್ಲೇ ತಗೊಂಡೆ.”

“ಅಯ್ಯೋ, ಇದೆಲ್ಲ ಬೇಡ ಅಣ್ಣ. ನಾವು ತಗೊಳ್ಳೋ ಹಾಗಿಲ್ಲ.”

“ಕೆಲ್ಸ ಮುಗೀತಲ್ಲ ಮೇಡಂ. ನಾನೀಗ ಏನೂ ಕೇಳ್ತಿಲ್ವಲ್ಲ.”

“ಮುಗಿದ ಮೇಲೂ ತಗೋಬಾರದು. ಇಲ್ಲಾ ದುಡ್ಡು ಹೇಳು, ಕೊಟ್ಟು ತಗೋತೀನಿ.”

ಅವನ ಮುಖ ಸಣ್ಣದಾಯಿತು. “ದುಡ್ಡಿಗೆ ಮಾಡಿದ್ದಲ್ಲ ಇದು. ಚಪ್ಪಲಿ ಹೊಲಿಯೋನ ಕೈಯಿಂದ ತಗೋಬಾರದು ಅಂತಾನಾ?”

ಆ ಮಾತು ಇವತ್ತಮ್ಮನ ಎದೆಗೆ ನಾಟಿತು. ಹಿಂದೆ ಮುಂದೆ ನೋಡದೆ ಚಪ್ಪಲಿ ಕೆಳಗಿಟ್ಟು ಕಾಲು ತೂರಿಸಿಬಿಟ್ಟಳು. ಎಂಥ ಸುಖ! ಎಡಗಾಲಿನ ನೋವು ಆ ಕ್ಷಣವೇ ಅರ್ಧಕ್ಕಿಳಿಯಿತು. ಅವನ ಕಣ್ಣು ತುಂಬಿ ಬಂತು, ಇವಳದ್ದೂ. ಹೀಗೆ ತಪ್ಪಿಸಿಕೊಳ್ಳಲಾಗದೆ ಏನಾದರೂ ತೆಗೆದುಕೊಂಡರೆ ಮೇಲಧಿಕಾರಿಗೆ ಬರೆದು ಒಪ್ಪಿಸಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ‘ಒಂದು ಜೊತೆ ಚಪ್ಪಲಿಗೆ ಏನು ಬರೆಯೋದು’ ಅಂದುಕೊಂಡು ಸುಮ್ಮನಾದಳು. ತಪ್ಪಾದದ್ದು ಅಲ್ಲಿ.

ಚಪ್ಪಲಿಯವನೋ ಸಂತೋಷ ತಡೆಯಲಾರದವನು. ಅಂಗಡಿಗೆ ಬಂದವರಿಗೆಲ್ಲ ಹೇಳಿದ: “ನಾನು ಹೊಲಿದದ್ದು ಹಾಕ್ಕೊಂಡೇ ಆ ಮೇಡಂ ಕಚೇರಿಗೆ ಹೋಗ್ತಾರೆ!” ಅವನ ಬಾಯಲ್ಲಿ ಅದು ಹೆಮ್ಮೆ. ನಾಲ್ಕು ಬಾಯಿ ದಾಟುವಷ್ಟರಲ್ಲಿ, ಚಪ್ಪಲಿ ಕೊಟ್ಟದ್ದಕ್ಕೇ ಎರಡು ದಿನದಲ್ಲಿ ಕೆಲಸ ಆಯಿತಂತೆ ಎಂದಾಯಿತು. ಏಳನೇ ಬಾಯಿಗೆ ಬರುವಾಗ, ಮೂರನೇ ಕೌಂಟರಿಗೆ ಬರಿಗೈಯಲ್ಲಿ ಹೋಗಬಾರದಂತೆ! ಮೀಸೆಯಪ್ಪ ಇವಳ ಕಾಲು ನೋಡಿ, “ಅಂತೂ ನಮ್ಮ ದಾರಿಗೆ ಬಂದ್ರಿ ಬಿಡಿ” ಎಂದು ನಕ್ಕ. ಅವಳಿಗೆ ಸಿಟ್ಟು ನೆತ್ತಿಗೇರಿತು. ಆದರೂ ಚಪ್ಪಲಿ ಬಿಚ್ಚಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಇಸ್ತ್ರಿ ಮಾಡುವ ಹೆಂಗಸೊಬ್ಬಳು ಏದುಸಿರು ಬಿಡುತ್ತ ಬಂದು, ಅರ್ಜಿಯ ಕೆಳಗೆ ಹೊಸ ಬೆಡ್‌ಶೀಟಿನ ಪ್ಯಾಕೆಟ್ಟೊಂದನ್ನು ಇಟ್ಟು ಕಿಂಡಿಯೊಳಗೆ ತಳ್ಳಿದಳು.

“ಇದೇನಮ್ಮ?”

“ತಡವಾಯ್ತು, ಬೈಬೇಡಿ. ಚಪ್ಪಲಿ ಕೊಟ್ಟೋನಿಗೆ ಎರಡೇ ದಿನದಲ್ಲಿ ಆಯ್ತಂತೆ, ಬರಿಗೈಲಿ ಹೋಗಬಾರದಂತೆ ಅಂದ್ರು. ಕೊಡೋಕೆ ಏನೂ ಇರ್ಲಿಲ್ಲ. ಒಂಬತ್ತು ದಿವಸ ಎರಡು ಮನೆ ಬಟ್ಟೆ ಜಾಸ್ತಿ ಉಜ್ಜಿ ಇದನ್ನ ತಂದೆ.”

ಇವತ್ತಮ್ಮ ಅರ್ಜಿ ಬಿಡಿಸಿದಳು. ಮಗನಿಗೆ ಪಾಲಿಟೆಕ್ನಿಕ್ ಸೀಟು, ಫೀಸು ಮಾಫಿಗೆ ಪ್ರಮಾಣಪತ್ರ. ಕೊನೆಯ ದಿನಾಂಕ ನಿನ್ನೆಯದು.

“ನಿನ್ನೆಗೇ ಮುಗೀತಲ್ಲಮ್ಮ ಇದು! ಅರ್ಜಿ ಮೊದ್ಲೇ ಕೊಡೋದಲ್ವಾ? ಇದಕ್ಕೆ ಯಾರಿಗೂ ಏನೂ ಕೊಡಬೇಕಾಗಿಲ್ಲ.”

“ಏನೂ ಬೇಕಾಗಿರ್ಲಿಲ್ವಾ?” ಹೆಂಗಸು ಅಲ್ಲೇ ನೆಲದ ಮೇಲೆ ಕುಸಿದು ಕೂತಳು. “ಅರ್ಜಿ ಒಂಬತ್ತು ದಿವಸ ನನ್ನ ಚೀಲದಲ್ಲೇ ಇತ್ತಲ್ಲಮ್ಮಾ. ಯಾರಾದ್ರೂ ಒಂದು ಮಾತು ಹೇಳಬಾರದಿತ್ತೇ?” ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಇವತ್ತಮ್ಮ ಹೇಗೋ ತಡೆದುಕೊಳ್ಳುತ್ತಿದ್ದಳು.

ಕೌಂಟರಿಗೆ ಬೀಗ ಹಾಕಿ ಸಾಹೇಬರ ಬಳಿ ಓಡಿದಳು. ಅರ್ಜಿಗಳ ವಿಚಾರಣೆ ಮಾಡಿ ವರದಿ ಕೊಡುವವನನ್ನು ಜೊತೆಗೇ ಎಳೆದುಕೊಂಡು ಹೋಗಿದ್ದಳು. ಇಸ್ತ್ರಿ ಹೆಂಗಸಿನ ಬೀದಿ ಅವನಿಗೆ ಅಂಗೈಯಷ್ಟು ಪರಿಚಯ, ವರದಿ ಅಲ್ಲೇ ಬರೆದ. ಸಾಹೇಬರು ಸಹಿ ಹಾಕಿದರು.

“ಪ್ರಮಾಣಪತ್ರ ಸಿಕ್ತು. ಆದ್ರೆ ದಿನ ಮೀರಿದೆಯಲ್ಲ, ಪಾಲಿಟೆಕ್ನಿಕ್‌ನವರು ತಗೊಳ್ಳಲ್ಲ” ಎಂದರು.

“ತಡ ಕಚೇರಿಯಿಂದ ಆಯ್ತು ಅಂತ ನಾವು ಬರೆದುಕೊಟ್ರೆ ಅವ್ರು ಮನ್ನಾ ಮಾಡ್ಬಹುದು ಸರ್.”

“ಏನಂತ ಬರೀಲಿ? ಅರ್ಜಿ ಇವತ್ತು ಬಂತು, ಇವತ್ತೇ ಕೊಟ್ವಿ. ಕಚೇರಿ ತಪ್ಪು ಎಲ್ಲಿದೆ?”

ಇವತ್ತಮ್ಮ ಕಾಲಿನಿಂದ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟಳು. “ಇಲ್ಲಿದೆ ಸರ್.”

ಸಾಹೇಬರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ನೋಡಮ್ಮ, ಇದನ್ನ ಬರವಣಿಗೇಲಿ ಕೊಟ್ಟೆ ಅಂದ್ರೆ ನಾನು ಇಲಾಖೆ ವಿಚಾರಣೆಗೆ ಕಳಿಸಲೇಬೇಕು. ನಿನ್ನ ಕೆಲಸಕ್ಕೆ ಕುತ್ತು. ಇಪ್ಪತ್ತೆರಡು ವರ್ಷದ ಸರ್ವಿಸ್ ನಿಂದು.”

ಗಂಡನ ಅಂಗಡಿಯಿಂದ ಬರುವುದು ಬಾಡಿಗೆಗೇ ಸರಿಹೋಗುತ್ತಿತ್ತು, ಮನೆ ನಡೆಯುವುದು ಇವಳ ಸಂಬಳದಲ್ಲಿ. ಆದರೂ ಬರೆದಳು. ಅರ್ಜಿದಾರನೊಬ್ಬನಿಂದ ಚಪ್ಪಲಿ ತೆಗೆದುಕೊಂಡೆ, ಮೇಲಧಿಕಾರಿಗೆ ತಿಳಿಸಲಿಲ್ಲ, ಅದರಿಂದ ಇಲ್ಲಿ ಏನಾದರೂ ಕೊಡಲೇಬೇಕು ಎಂಬ ಸುದ್ದಿ ಹಬ್ಬಿತು, ಅದನ್ನು ನಂಬಿ ಈ ತಾಯಿ ಅರ್ಜಿ ಕೊಡಲು ತಡಮಾಡಿದಳು, ತಡಕ್ಕೆ ಕಾರಣ ನಾನು. ಸಾಹೇಬರು ಅದರ ಆಧಾರದ ಮೇಲೆ ಪಾಲಿಟೆಕ್ನಿಕ್ಕಿಗೆ ಮನ್ನಾ ಕೋರುವ ಪತ್ರ ಬರೆಸಿದರು.

ಇಸ್ತ್ರಿ ಹೆಂಗಸಿಗೆ ಓದು ಬರುತ್ತಿರಲಿಲ್ಲ. ಇವತ್ತಮ್ಮ ಕೌಂಟರಿನ ಮುಂದೆಯೇ ನಿಂತು ತಾನು ಬರೆದದ್ದನ್ನು ಇಡೀ ಸಾಲಿಗೆ ಕೇಳುವಂತೆ ಓದಿದಳು. ಸಾಲಿನಲ್ಲಿದ್ದ ಒಬ್ಬಾತ ಕೈಲಿದ್ದ ಸಿಹಿ ಡಬ್ಬಿಯನ್ನು ಮೆಲ್ಲಗೆ ಚೀಲಕ್ಕೆ ಇಳಿಸಿದ. ಬೆಡ್‌ಶೀಟನ್ನು ಹೆಂಗಸಿನ ಕಂಕುಳಿಗೆ ಸಿಕ್ಕಿಸಿ, ಪತ್ರಗಳನ್ನು ಕೈಗಿಟ್ಟು, “ಓಡಮ್ಮ, ಪಾಲಿಟೆಕ್ನಿಕ್‌ನವರು ನಾಲ್ಕಕ್ಕೆ ಬಾಗಿಲು ಹಾಕ್ತಾರೆ” ಎಂದು ಕಳಿಸಿದಳು. ಹುಡುಗನ ಫೀಸು ಮಾಫಿಯಾಯಿತು.

ವಿಚಾರಣೆ ಒಂದು ತಿಂಗಳು ನಡೆಯಿತು. ಹೇಳಿಕೆ ಕೊಡಲು ಬಂದ ಚಪ್ಪಲಿಯವನು ಅಧಿಕಾರಿಯ ಮುಂದೆ ಅತ್ತೇಬಿಟ್ಟ. “ಲಂಚ ಅಂದ್ರೆ ಏನು ಅಂತ ನನಗೆ ಗೊತ್ತಿಲ್ವಾ ಸ್ವಾಮಿ? ಕೊಡೋವಾಗ ಹೊಟ್ಟೆ ಉರಿಯುತ್ತೆ. ಆ ಚಪ್ಪಲಿ ಕೊಡೋವಾಗ ನನಗೆ ಉರೀಲಿಲ್ಲ.” ಅದನ್ನೂ ಬರೆದುಕೊಂಡರು. ಇವತ್ತಮ್ಮನ ಕೆಲಸ ಉಳಿಯಿತು. ಒಂದು ಬಡ್ತಿ ಹೋಯಿತು.

ಹೊರಗೆ ವರಾಂಡದಲ್ಲಿ ಅವನು ಮುಖ ಎತ್ತದೆ ನಿಂತಿದ್ದ. “ನಿಮಗೆ ಒಳ್ಳೇದಾಗ್ಲಿ ಅಂತ ಮಾಡ್ದೆ ಮೇಡಂ. ನನಗೆ ನಿಜವಾಗ್ಲೂ ಉರೀಲಿಲ್ಲ.”

“ಗೊತ್ತು ಅಣ್ಣ,” ಎಂದಳು ಇವತ್ತಮ್ಮ. “ನಿನಗೂ ಉರೀಲಿಲ್ಲ, ನನಗೂ ಉರೀಲಿಲ್ಲ. ಒಂಬತ್ತು ದಿವಸ ಉರಿದದ್ದು ಆ ತಾಯಿಗೆ.”